ಬೋಟ್ ಯಾವುದು, ಹಾಲ್ಟರ್ ಯಾವುದು? ಜಂಪರ್ ಕೊರಳಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಮದುವೆ ಸೀಸನ್ ಶುರುವಾದರೆ ಮೊಬೈಲ್ ಮುಂದೆ ಹಿಡಿದು "ಅಕ್ಕಾರ, ಸೇಮ್ ಹಿಂಗ ಹೊಲಿದು ಕೊಡ್ರಿ" ಅನ್ನುವವರ ಸಾಲು. ಬಾಯಲ್ಲಿ ಬೋಟ್ ನೆಕ್ ಅಂತಾರೆ, ಫೋಟೋದಲ್ಲಿ ಬೇರೇನೋ ಇರುತ್ತದೆ. ಟ್ರಯಲ್ ದಿನ "ನಾ ಹೇಳಿದ್ದು ಇದಲ್ಲ" ಅನ್ನುವ ಮಾತು ಬರುವುದು ಇಲ್ಲಿಂದಲೇ. ಅಂಗಡಿಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಫೋಟೋ ನೋಡಿ ಇದು ಯಾವ ಕೊರಳು ಅಂತ ಗುರುತಿಸುವುದು ಹೇಗೆ?

ಎಲ್ಲರೂ ಮೊದಲು ಆಕಾರ ನೋಡುತ್ತಾರೆ. ನಾನು ಮೊದಲು ನೋಡುವುದು ಬಟ್ಟೆ ಮೈಮೇಲೆ ಎಲ್ಲಿಂದ ತೂಗುತ್ತಿದೆ ಅನ್ನುವುದನ್ನು.

ಗೊಂದಲ ಆಗುವುದಕ್ಕೆ ಒಂದು ಕಾರಣ ಇದೆ. ಈ ಹೆಸರುಗಳೆಲ್ಲ ಒಂದೇ ವಿಷಯ ಹೇಳುವುದಿಲ್ಲ. ಬೋಟ್ ಅನ್ನುವುದು ಅಗಲದ ಹೆಸರು. ಕೊರಳು ಒಂದು ಹೆಗಲಿನ ತುದಿಯಿಂದ ಇನ್ನೊಂದರ ತುದಿಯವರೆಗೆ ಚಾಚಿದೆ ಅಂತ ಅರ್ಥ. ಸ್ವೀಟ್‌ಹಾರ್ಟ್ ಅನ್ನುವುದು ಅಂಚಿನ ಗೆರೆಯ ಹೆಸರು. ಹಾಲ್ಟರ್ ಅಂದರೆ ತೂಗುವ ರೀತಿ, ಭಾರವೆಲ್ಲ ಹೆಡಕಿನ ಮೇಲೆ. ಕೌಲ್ ಅನ್ನುವುದು ಬಟ್ಟೆಯ ಹೆಸರು, ಬೇಕಾದ್ದಕ್ಕಿಂತ ಜಾಸ್ತಿ ಬಟ್ಟೆ ಇಟ್ಟು ಮಡಿಕೆ ಬೀಳಿಸಿದ್ದು.

ಹಾಗಾಗಿ ಒಂದೇ ಜಂಪರಿಗೆ ಎರಡು ಹೆಸರು ಬರಬಹುದು. ಹೆಡಕಿಗೆ ಕಟ್ಟಿದ್ದು, ಎದೆಯ ಮೇಲೆ ಸ್ವೀಟ್‌ಹಾರ್ಟ್ ಗೆರೆ ಇರುವುದು, ಎರಡೂ ಒಂದರಲ್ಲೇ ಇದ್ದರೆ ಅದು ಎರಡೂ ಹೌದು. ಇದಾ ಅದಾ ಅಂತ ಜಗಳ ಆಡುವುದೇ ಬೇಡ.

ಬೋಟ್ ನೆಕ್ಕಿಗೂ ಸಾದಾ ಕ್ಲೋಸ್ ನೆಕ್ಕಿಗೂ ಏನು ವ್ಯತ್ಯಾಸ? ಎರಡರಲ್ಲೂ ಕೊರಳು ಮೇಲೇ ಇರುತ್ತದಲ್ವಾ?

ಇರುತ್ತದೆ. ಆದರೆ ಕ್ಲೋಸ್ ನೆಕ್ ಕುತ್ತಿಗೆಯ ಬುಡವನ್ನು ದುಂಡಗೆ ಸುತ್ತುತ್ತದೆ. ಬೋಟ್ ನೆಕ್ ಕುತ್ತಿಗೆಯ ಹತ್ತಿರ ಸುಳಿಯುವುದೇ ಇಲ್ಲ. ಕೊರಳೆಲುಬಿನ ಗುಂಟ ಅಡ್ಡಕ್ಕೆ ಹೋಗುತ್ತದೆ, ಮಧ್ಯೆ ಸ್ವಲ್ಪವೇ ಬಾಗುತ್ತದೆ. ಆ ಬಾಗು ದೋಣಿಯ ತಳದ ಹಾಗೆ ಕಾಣುತ್ತದೆ ಅಂತ ಆ ಹೆಸರು. ಫ್ರೆಂಚ್ ನೌಕಾಪಡೆ 1858ರಲ್ಲಿ ನಾವಿಕರ ಉಡುಪಿಗೆ ಸೇರಿಸಿದ ಪಟ್ಟೆ ಅಂಗಿಯ ಕೊರಳು ಇದೇ ಬಗೆಯದು.

ಜಂಪರ್ ಕೈಯಲ್ಲಿದ್ದರೆ ಹೆಗಲಿನ ಹೊಲಿಗೆ ಅಳೆದು ನೋಡಿ. ಕೊರಳಿನಿಂದ ತೋಳಿನವರೆಗೆ ಆ ಹೊಲಿಗೆ 3 ಇಂಚಿಗಿಂತ ಉದ್ದ ಇದ್ದರೆ ಅದನ್ನು ಬೋಟ್ ಅನ್ನುವುದು ಕಷ್ಟ. ಬೋಟ್‌ನಲ್ಲಿ ಅಲ್ಲಿ ಉಳಿಯುವುದು ಸುಮಾರು 2 ಇಂಚು ಅಷ್ಟೇ.

ಬೋಟ್ ನೆಕ್ ಹೊಲಿಸಿದೆ. ಹೆಗಲಿನಿಂದ ಜಾರುತ್ತದೆ, ಇಲ್ಲವೇ ಮುಂದೆ ಬಾಯಿ ಬಿಟ್ಟುಕೊಳ್ಳುತ್ತದೆ. ಯಾಕೆ?

ಇವು ಎರಡು ಬೇರೆ ಬೇರೆ ತಪ್ಪು. ಎರಡನ್ನೂ ನಾನೇ ಒಂದೇ ಜಂಪರಿನಲ್ಲಿ ಮಾಡಿದ್ದೇನೆ, ಅದನ್ನೇ ಹೇಳುತ್ತೇನೆ.

ಗದಗಿನಲ್ಲಿರುವ ನಮ್ಮ ಅಕ್ಕನ ಮಗಳ ನಿಶ್ಚಯಕ್ಕೆ ಹಸಿರು ಖಣದಲ್ಲಿ ಬೋಟ್ ನೆಕ್ ಹೊಲಿದೆ. ಎದೆ ಸುತ್ತಳತೆ 36 ಇಂಚು, ಹೆಗಲು ತುದಿಯಿಂದ ತುದಿಗೆ 14. ಫೋಟೋದಲ್ಲಿ ಇದ್ದ ಹಾಗೆ ಕೊರಳು ಭರ್ತಿ ಅಗಲ ಬರಲಿ ಅಂತ 11 ಇಂಚು ಇಟ್ಟೆ. ಅಂದರೆ ಒಂದೊಂದು ಹೆಗಲ ಮೇಲೆ ಉಳಿದದ್ದು ಒಂದೂವರೆ ಇಂಚು. ಅವಳಿಗೆ ಬೆನ್ನು ಡೀಪ್ ಬೇಕಿತ್ತು. 9 ಇಂಚು ಇಳಿಸಿಬಿಟ್ಟೆ. ಹಾಕಿಕೊಂಡು ಕೈ ಎತ್ತಿದಳು, ಎರಡೂ ಹೆಗಲು ಜಾರಿ ತೋಳಿಗೆ ಬಂದವು. "ಮೌಶಿ, ಇದು ಬೋಟ್ ಅಲ್ಲ, ಮುಳುಗಿದ ಬೋಟು" ಅಂದಳು.

ಜಾರುವುದಕ್ಕೆ ಕಾರಣ ಬೆನ್ನು. ಎರಡು ಹೆಗಲನ್ನು ಒಂದಕ್ಕೊಂದು ಹಿಡಿದಿಡುವುದು ಹೆಡಕಿನ ಕೆಳಗಿನ ಬಟ್ಟೆ. ಮುಂದೆ ಅಗಲ ತೆಗೆದು, ಹಿಂದೆ ಆಳವನ್ನೂ ತೆಗೆದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಕತ್ತರಿಸಿದ ಬಟ್ಟೆಯನ್ನು ಮತ್ತೆ ಅಂಟಿಸಲು ಆಗದು. ಹಿಂದೆ ಹೆಗಲಿನಿಂದ 2 ಇಂಚು ಕೆಳಗೆ ಎರಡು ಕಡೆ ಡೋರಿ ಹೊಲಿದು, ಕಟ್ಟಿ ನಿಲ್ಲಿಸಿದೆ. ಬೋಟ್ ನೆಕ್ಕಿನ ಹಿಂದೆ ಡೋರಿ ಕಂಡರೆ ಅದು ಬರೀ ಚಂದಕ್ಕೆ ಅಂದುಕೊಳ್ಳಬೇಡಿ.

ಇನ್ನು ಮುಂದೆ ಬಾಯಿ ಬಿಡುವುದು. ಕೊರಳೆಲುಬಿನ ಕೆಳಗೆ ಮೈ ಸ್ವಲ್ಪ ಒಳಗೆ ತಗ್ಗಿರುತ್ತದೆ. ಅಂಚು ಉದ್ದವಾದರೆ ಅಲ್ಲಿ ಮೈಗೆ ಕೂಡುವುದಿಲ್ಲ, ಬಗ್ಗಿದಾಗ ಒಳಗಿನದೆಲ್ಲ ಕಾಣುತ್ತದೆ. ಇದಕ್ಕೆ ಮದ್ದು ಕತ್ತರಿಸುವಾಗಲೇ ಇದೆ. ಮುಂಭಾಗದ ಕೊರಳಿನ ಅರ್ಧ ಅಗಲವನ್ನು ಹಿಂಭಾಗಕ್ಕಿಂತ ಕಾಲು ಇಂಚು ಕಡಿಮೆ ಇಡಬೇಕು. ಹೆಗಲಿನ ಹೊಲಿಗೆ ಕೂಡಿಸುವಾಗ ಹಿಂದಿನ ಭಾಗ ಮುಂದಿನದನ್ನು ಸ್ವಲ್ಪ ಎಳೆದುಕೊಳ್ಳುತ್ತದೆ, ಅಂಚು ಮೈಗೆ ಒರಗುತ್ತದೆ. ಇನ್ನೊಂದು, ಕೊರಳು ಕತ್ತರಿಸಿದ ಕೂಡಲೇ ಅಂಚಿನ ಗುಂಟ ಒಂದು ಸಾದಾ ಹೊಲಿಗೆ ಓಡಿಸಿ ಇಡಬೇಕು. ಬಾಗಿದ ಅಂಚು ಕೈಯಲ್ಲಿ ಆಡಿದಷ್ಟೂ ಹಿಗ್ಗುತ್ತದೆ.

ಅವಳ ಮದುವೆಗೆ ಎರಡನೆಯದು ಹೊಲಿದೆ. ಹಿಂದಿನ ಕೊರಳಿನ ಅರ್ಧ ಅಗಲ 4¾, ಮುಂದಿನದು 4½. ಮುಂದಿನ ಆಳ 3, ಹಿಂದಿನ ಆಳ 4. ಹೆಗಲ ಮೇಲೆ ಎರಡೂಕಾಲು ಇಂಚು ಉಳಿಯಿತು. ಮುಂದಿನ ಅಂಚು ಕಾಲು ಇಂಚು ಒಳಗೆ ಇರುವುದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಊಟಕ್ಕೆ ಬಡಿಸುವಾಗ ಬಗ್ಗಿದರೂ ಅಲುಗಲಿಲ್ಲ.

ಬೋಟ್ ನೆಕ್ಕಿಗೆ ಹುಕ್ಕು ಮುಂದೆ ಇಡಬಹುದಾ?

ಇಡಬಹುದು, ನಾನು ಇಡುವುದಿಲ್ಲ. ಅದರ ಚಂದವೇ ಆ ಒಂದು ಉದ್ದ ಗೆರೆ. ಮಧ್ಯೆ ಹುಕ್ಕಿನ ಪಟ್ಟಿ ಬಂದರೆ ಗೆರೆ ಮುರಿಯುತ್ತದೆ. ಬೆನ್ನಿಗೆ ಹುಕ್ಕು ಅಥವಾ ಪಕ್ಕಕ್ಕೆ ಜಿಪ್ ಸರಿ. ಕುರ್ತಿಗೆ ಎಲ್ಲೂ ತೆರಪು ಬೇಡ ಅಂದರೆ ಕೊರಳಿನ ಪೂರ್ತಿ ಸುತ್ತಳತೆ ನಿಮ್ಮ ತಲೆಯ ಸುತ್ತಳತೆಗಿಂತ ಜಾಸ್ತಿ ಇರಬೇಕು. ದೊಡ್ಡವರ ತಲೆ ಸುಮಾರು 22 ಇಂಚು ಇರುತ್ತದೆ. ಟೇಪ್ ಹಿಡಿದು ನೋಡಿಕೊಳ್ಳಿ.

ಆಫ್ ಶೋಲ್ಡರ್ ಅಂದರೆ ಇನ್ನೂ ಅಗಲವಾದ ಬೋಟ್ ನೆಕ್ಕಾ?

ಅಲ್ಲ. ಬೋಟ್ ಹೆಗಲ ಮೇಲೆ ನಿಲ್ಲುತ್ತದೆ. ಆಫ್ ಶೋಲ್ಡರ್ ಹೆಗಲು ದಾಟಿ ತೋಳನ್ನು ಸುತ್ತುತ್ತದೆ, ಎಲಾಸ್ಟಿಕ್ ಇಲ್ಲವೇ ಬಿಗಿ ಹೊಲಿಗೆಯ ಬಲದಿಂದ ನಿಲ್ಲುತ್ತದೆ. ಅದರಲ್ಲಿ ಕೈ ಮೇಲೆತ್ತುವುದು ಕಷ್ಟ.

ಸ್ವೀಟ್‌ಹಾರ್ಟ್ ಮತ್ತು ಪಾನ್ ನೆಕ್ ಒಂದೇನಾ? ಎರಡೂ ಎಲೆ ಆಕಾರ ಅಂತಾರೆ.

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ನಮ್ಮ ಕಡೆಯವರಿಗೆ ಉತ್ತರ ಕೈಯಲ್ಲೇ ಇದೆ. ಒಂದು ಸವಣೂರು ಎಲೆ ತಗೊಳ್ಳಿ.

ತೊಟ್ಟಿನ ಕಡೆ ನೋಡಿ. ಎರಡು ಉಬ್ಬು, ಮಧ್ಯೆ ತೊಟ್ಟು ಕೂಡುವಲ್ಲಿ ಒಂದು ತಗ್ಗು. ಆ ಎಲೆಯನ್ನು ತೊಟ್ಟು ಮೇಲೆ ಮಾಡಿ ಎದೆಯ ಮೇಲೆ ಇಟ್ಟುಕೊಂಡರೆ ಎಲೆಯ ಮೇಲಂಚೇ ಸ್ವೀಟ್‌ಹಾರ್ಟ್. ಅಂದರೆ ಇಲ್ಲಿ ಎಲೆ ಬಟ್ಟೆ.

ಈಗ ತುದಿಯ ಕಡೆ ನೋಡಿ. ಎರಡೂ ಬದಿ ಹೊರಗೆ ದುಂಡಗೆ ಬಂದು ಕೆಳಗೆ ಚೂಪಾಗುತ್ತದೆ. ಬಟ್ಟೆಯ ಮೇಲೆ ಆ ಎಲೆ ಇಟ್ಟು, ಸುತ್ತ ಗೆರೆ ಎಳೆದು, ಒಳಗಿನದನ್ನು ಕತ್ತರಿಸಿ ತೆಗೆದರೆ ಪಾನ್ ನೆಕ್. ಇಲ್ಲಿ ಎಲೆ ಖಾಲಿ ಜಾಗ.

ಎರಡರಲ್ಲೂ ನಡುವೆ ಕೆಳಮುಖದ ಚೂಪು ಇರುತ್ತದೆ, ಮೋಸ ಹೋಗುವುದು ಅದಕ್ಕೇ. ಚೂಪಿನ ಅಕ್ಕಪಕ್ಕ ನೋಡಿ. ಬಟ್ಟೆ ಮೇಲಕ್ಕೆ ಉಬ್ಬಿದ್ದರೆ ಸ್ವೀಟ್‌ಹಾರ್ಟ್. ಬಟ್ಟೆ ಒಳಗೆ ಕೊರೆದ ಹಾಗಿದ್ದರೆ ಪಾನ್. ಫೋಟೋ ಮಸುಕಾಗಿದ್ದರೂ ಇಷ್ಟು ಗೊತ್ತಾಗುತ್ತದೆ.

ಬೆನ್ನಿಗೆ ಪಾನ್ ಚಂದ. ಸ್ವೀಟ್‌ಹಾರ್ಟ್ ಬೆನ್ನಿಗೆ ಹೊಲಿಯಿರಿ ಅಂತ ಕೇಳುತ್ತಾರೆ, ಹೊಲಿದು ಕೊಡುತ್ತೇನೆ, ಆದರೆ ಆ ಎರಡು ಉಬ್ಬಿಗೆ ಎದೆಯ ಮೇಲೆ ಇರುವ ಅರ್ಥ ಬೆನ್ನ ಮೇಲೆ ಇಲ್ಲ.

ನನ್ನ ಸ್ವೀಟ್‌ಹಾರ್ಟ್ ನೆಕ್ಕಿನ ನಡುವೆ ಸುಕ್ಕು ಬರುತ್ತದೆ. ಇಸ್ತ್ರಿ ಮಾಡಿದರೂ ಹೋಗುತ್ತಿಲ್ಲ.

ಇಸ್ತ್ರಿಯಿಂದ ಹೋಗುವ ಸುಕ್ಕಲ್ಲ ಅದು. ಮೇಲಿನ ಬಟ್ಟೆ ಮತ್ತು ಅಸ್ತರ ಕೂಡಿಸಿ ಹೊಲಿದ ಮೇಲೆ, ತಿರುಗಿಸುವ ಮೊದಲು, ನಡುವಿನ ಚೂಪಿಗೆ ಒಂದು ಕತ್ತರಿ ಏಟು ಹಾಕಬೇಕು. ಹೊಲಿಗೆಗೆ ಒಂದೆರಡು ಎಳೆ ದೂರದವರೆಗೆ. ಹೆದರಿ ಅರ್ಧಕ್ಕೇ ನಿಲ್ಲಿಸಿದರೆ ತಿರುಗಿಸಿದಾಗ ಬಟ್ಟೆ ಹಿಡಿದುಕೊಳ್ಳುತ್ತದೆ, ಸುಕ್ಕು ಬರುತ್ತದೆ. ಜಾಸ್ತಿ ಧೈರ್ಯ ಮಾಡಿದರೆ ತೂತು. ಅದಕ್ಕೇ ಆ ಜಾಗದಲ್ಲಿ ನಾನು ಮೊದಲೇ ಒಂದು ಸಣ್ಣ ಕ್ಯಾನ್ವಾಸ್ ತುಂಡು ಅಂಟಿಸಿ, ಹತ್ತಿರ ಹತ್ತಿರ ಹೊಲಿಗೆ ಹಾಕುತ್ತೇನೆ. ಉಬ್ಬಿನ ಕಡೆ ಬೇರೆ ಲೆಕ್ಕ. ಅಲ್ಲಿ ಒಳಗಿನ ಬಟ್ಟೆ ಜಾಸ್ತಿಯಾಗಿ ಗಂಟು ಕಟ್ಟುತ್ತದೆ, ಸಣ್ಣ ಸಣ್ಣ ತ್ರಿಕೋನ ಕತ್ತರಿಸಿ ತೆಗೆಯಬೇಕು.

ನಿಮ್ಮ ಜಂಪರಿನ ಅಸ್ತರ ಬಿಚ್ಚಿ ಒಳಗೆ ನೋಡಿ. ಚೂಪಿನಲ್ಲಿ ಕತ್ತರಿಯ ಗುರುತೇ ಇಲ್ಲದಿದ್ದರೆ ರಿಪೇರಿ ಹತ್ತು ನಿಮಿಷದ್ದು.

ಗೌನ್‌ಗಳಲ್ಲಿ ಹೆಗಲೇ ಇಲ್ಲದ ಸ್ವೀಟ್‌ಹಾರ್ಟ್ ಇರುತ್ತದೆ. ಅದು ಹೇಗೆ ನಿಲ್ಲುತ್ತದೆ?

ಸೊಂಟದಿಂದ ನಿಲ್ಲುತ್ತದೆ. ಒಳಗೆ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಟ್ಟಿ ಹೊಲಿದು, ಸೊಂಟಕ್ಕೆ ಬಿಗಿಯಾಗಿ ಕೂಡಿಸಿ, ಅಲ್ಲಿಂದ ಮೇಲಕ್ಕೆ ಎತ್ತಿ ನಿಲ್ಲಿಸಿರುತ್ತಾರೆ. ಸಾದಾ ಜಂಪರಿನ ಉದ್ದಕ್ಕೆ ಅದು ಆಗುವುದಿಲ್ಲ. ಮುಂದೆ ಸ್ವೀಟ್‌ಹಾರ್ಟ್, ಹೆಗಲ ಮೇಲೆ ಬಟ್ಟೆ, ಹಿಂದೆ ಹೆಡಕಿನವರೆಗೆ ಏರಿದ ಕೊರಳು ಇದ್ದರೆ ಅದಕ್ಕೆ ಕ್ವೀನ್ ಆನ್ ಅಂತ ಬೇರೆ ಹೆಸರಿದೆ. ಸೀರೆಗೆ ಅದು ಬಹಳ ಒಪ್ಪುತ್ತದೆ.

ಹಾಲ್ಟರ್ ಮತ್ತು ಸ್ಲೀವ್‌ಲೆಸ್ ಹೈ ನೆಕ್ ಮುಂದಿನಿಂದ ಒಂದೇ ತರ ಕಾಣುತ್ತವೆ.

ಮುಂದಿನಿಂದ ನೋಡಿ ಹೇಳಲು ಹೋಗಬೇಡಿ, ಬೆನ್ನು ನೋಡಿ. ಹಾಲ್ಟರ್ ಅನ್ನುವ ಇಂಗ್ಲಿಷ್ ಮಾತಿಗೆ ಮೂಲ ಅರ್ಥ ಕುದುರೆ, ದನಗಳ ತಲೆಗೆ ಹಾಕಿ ಹಿಡಿದುಕೊಂಡು ಹೋಗುವ ಹಗ್ಗ. ಹೆಡಕಿನ ಸುತ್ತ ಬಂದ ಒಂದು ಪಟ್ಟಿ ಅಥವಾ ಡೋರಿಯೇ ಇಡೀ ಮುಂಭಾಗವನ್ನು ಎತ್ತಿ ಹಿಡಿದಿರುತ್ತದೆ. ಹೆಗಲ ಮೇಲೆ ಹೊಲಿಗೆಯೇ ಇರುವುದಿಲ್ಲ, ಬೆನ್ನಿನ ಮೇಲ್ಭಾಗ ಖಾಲಿ.

ರೆಡಿಮೇಡ್‌ನಲ್ಲಿ ಹಾಲ್ಟರ್ ಅಂತ ಮಾರುವ ಎಷ್ಟೋ ಜಂಪರುಗಳಲ್ಲಿ ಬೆನ್ನು ಪೂರ್ತಿ ಮುಚ್ಚಿರುತ್ತದೆ. ಅವುಗಳಲ್ಲಿ ತೋಳಿನ ಕಂಕುಳ ಮಾತ್ರ ಕುತ್ತಿಗೆಯ ಕಡೆಗೆ ಓರೆಯಾಗಿ ಕತ್ತರಿಸಿರುತ್ತಾರೆ. ಅದು ಹಾಲ್ಟರ್ ಕಟ್ ಇರುವ ಹೈ ನೆಕ್. ಕೆಟ್ಟದ್ದೇನಲ್ಲ. ನಿಜ ಹೇಳಬೇಕೆಂದರೆ ಮನೆಯ ಕಾರ್ಯಕ್ರಮಕ್ಕೆ ಹಾಲ್ಟರ್ ಬೇಕು ಅನ್ನುವ ಬಹಳ ಜನರಿಗೆ ಬೇಕಿರುವುದು ಇದೇ.

ನಿಜವಾದ ಹಾಲ್ಟರಿಗೆ ಭಾರದ ಜರ್ದೋಸಿ, ಮಣಿ ಕೆಲಸ ಮಾಡಿಸಬೇಡಿ. ಪೂರ್ತಿ ತೂಕ ಹೆಡಕಿನ ಒಂದು ಗೇಣು ಜಾಗಕ್ಕೆ ಬೀಳುತ್ತದೆ. ಆರತಕ್ಷತೆಗೆ ನಾಲ್ಕು ತಾಸು ನಿಂತ ಮೇಲೆ ಫೋನ್ ಮಾಡಿ ನನಗೆ ಬೈಯುತ್ತೀರಿ. ಡೋರಿ ತೆಳ್ಳಗಿದ್ದಷ್ಟೂ ಕೊರೆಯುತ್ತದೆ, ಒಂದು ಇಂಚಿನ ಪಟ್ಟಿ ಮೇಲು.

ಹಾಲ್ಟರ್ ಜಂಪರಿನ ಮೇಲೆ ಸೆರಗಿಗೆ ಪಿನ್ ಎಲ್ಲಿ ಹಾಕುವುದು?

ಇದನ್ನು ಹೊಲಿಸುವ ಮೊದಲು ಕೇಳುವವರು ಕಡಿಮೆ, ಉಡುವ ದಿನ ಕೇಳುವವರು ಜಾಸ್ತಿ. ಹೆಗಲ ಮೇಲೆ ಬಟ್ಟೆಯೇ ಇಲ್ಲ, ಪಿನ್ ಹಿಡಿಯುವುದು ಯಾವುದಕ್ಕೆ? ಕುತ್ತಿಗೆಯ ಪಟ್ಟಿಗೆ ಹಾಕಿದರೆ ಸೆರಗಿನ ಭಾರ ಪಟ್ಟಿಯನ್ನು ಒಂದು ಕಡೆ ಎಳೆದು ಎದೆಯ ಅಂಚನ್ನು ಸೊಟ್ಟ ಮಾಡುತ್ತದೆ. ರೇಷ್ಮೆಯ ಟೋಪ ಸೆರಗಿನ ಇಳಕಲ್ ಸೀರೆಗೆ ಇದು ಆಗದ ಮಾತು. ಜಾರ್ಜೆಟ್, ಶಿಫಾನ್ ಆದರೆ ಸೆರಗನ್ನು ನೆರಿಗೆ ಮಾಡದೆ ಹಾಗೇ ಬಿಟ್ಟು, ಎದೆಯ ಪಕ್ಕ ಕಂಕುಳ ಹತ್ತಿರದ ಅಂಚಿಗೆ ಒಳಗಿನಿಂದ ಒಂದು ಪಿನ್ ಹಾಕಬಹುದು.

ಕೌಲ್ ನೆಕ್ಕಿಗೂ ಅಳತೆ ತಪ್ಪಿ ಸಡಿಲಾದ ಕೊರಳಿಗೂ ಹೇಗೆ ವ್ಯತ್ಯಾಸ ತಿಳಿಯುವುದು?

ನಗಬೇಡಿ, ಒಳ್ಳೆಯ ಪ್ರಶ್ನೆ ಇದು. ಅಳತೆ ತಪ್ಪಿದ್ದು ಮುದುಡುತ್ತದೆ. ಕೌಲ್ ಜೋತು ಬೀಳುತ್ತದೆ. ಒಂದು ಹೆಗಲಿನಿಂದ ಇನ್ನೊಂದಕ್ಕೆ ಜೋಕಾಲಿಯ ಹಗ್ಗದ ಹಾಗೆ ಎರಡು ಮೂರು ದುಂಡು ಮಡಿಕೆ, ಒಂದರ ಕೆಳಗೊಂದು ಇರಬೇಕು.

ಎರಡು ಗುರುತು ನೋಡಿ. ಒಂದು, ಅಂಚು. ಕೌಲ್‌ನ ಅಂಚಿಗೆ ಪೈಪಿಂಗ್, ಪಟ್ಟಿ ಏನೂ ಇರುವುದಿಲ್ಲ. ಅದೇ ಬಟ್ಟೆಯನ್ನು ಅಗಲವಾಗಿ ಒಳಗೆ ಮಡಚಿ ಬಿಟ್ಟಿರುತ್ತಾರೆ. ಪೈಪಿಂಗ್ ಹಾಕಿದರೆ ಅಂಚು ಬಿರುಸಾಗಿ ಮಡಿಕೆ ಸತ್ತುಹೋಗುತ್ತದೆ. ಎರಡು, ಎಳೆಯ ದಿಕ್ಕು. ಎದೆಯ ನಡುವಿನ ಬಟ್ಟೆಯನ್ನು ಹತ್ತಿರದಿಂದ ನೋಡಿದರೆ ಎಳೆಗಳು ನೇರ ನಿಂತಿರುವುದಿಲ್ಲ, 45 ಡಿಗ್ರಿ ಓರೆಯಾಗಿ ಹೋಗಿರುತ್ತವೆ. ನಾವು ಕ್ರಾಸ್ ಅನ್ನುವುದು ಇದನ್ನೇ. ಕ್ರಾಸ್‌ನಲ್ಲಿ ಬಟ್ಟೆ ಹಿಗ್ಗುತ್ತದೆ, ಮೆತ್ತಗೆ ಜೋಲುತ್ತದೆ. ಇಡೀ ಉಡುಪನ್ನೇ ಹೀಗೆ ಕ್ರಾಸ್ ಕತ್ತರಿಸಿ ಹೊಲಿಯುವುದನ್ನು 1920ರ ದಶಕದಲ್ಲಿ ಹೆಸರುವಾಸಿ ಮಾಡಿದವರು ಪ್ಯಾರಿಸ್ಸಿನ ಮದಲೀನ್ ವಿಯೊನೆ.

ಕ್ರಾಸ್ ಕತ್ತರಿಸುವುದರಿಂದ ಬಟ್ಟೆ ಜಾಸ್ತಿ ಬೇಕು. ಸಾದಾ ಜಂಪರಿಗೆ ಒಂದು ಮೀಟರ್ ತರುವವರಿಗೆ ಕೌಲ್ ಆದರೆ ಒಂದೂವರೆ ತನ್ನಿ ಅನ್ನುತ್ತೇನೆ. ಒಳಗೆ ಮೈಗೆ ಅಂಟಿದ ಅಸ್ತರ ಬೇರೆ ಅಳತೆಯಲ್ಲಿ ಇರಬೇಕು, ಅದು ಜಂಪರನ್ನು ಹಿಡಿಯುತ್ತದೆ, ಮೇಲಿನದು ಸುಮ್ನೆ ಜೋಲುತ್ತದೆ. ಮಡಿಕೆ ಮೇಲೆ ಎಗರುತ್ತಿದ್ದರೆ ಒಳಮಡಿಕೆಯ ನಡುವೆ ಒಂದು ಸಣ್ಣ ತೂಕದ ಗುಂಡಿ ಹೊಲಿಯುತ್ತೇನೆ.

ಖಣದಲ್ಲಿ ಕೌಲ್ ಹೊಲಿದು ಕೊಡುತ್ತೀರಾ?

ಇಲ್ಲ. ಗುಳೇದಗುಡ್ಡದ ಖಣ ಒತ್ತಾಗಿ ನೇಯ್ದ ಬಟ್ಟೆ. ಅದಕ್ಕೆ ನಿಲ್ಲುವುದು ಗೊತ್ತು, ಜೋಲುವುದು ಗೊತ್ತಿಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬಟ್ಟೆಯ ಓರೆ ಅಂಚನ್ನು ಎರಡು ಕೈಯಲ್ಲಿ 10 ಇಂಚು ದೂರದಲ್ಲಿ ಹಿಡಿಯಿರಿ. ಕೈಗಳನ್ನು 7 ಇಂಚಿಗೆ ತನ್ನಿ. ನಡುವಿನ ಬಟ್ಟೆ ದುಂಡಗೆ ಕೆಳಗೆ ಬಿದ್ದರೆ ಕೌಲ್ ಆಗುತ್ತದೆ. ಮುಂದಕ್ಕೆ ಮೂಲೆ ಮಾಡಿಕೊಂಡು ನಿಂತರೆ ಆಗುವುದಿಲ್ಲ. ಕ್ರೇಪ್, ಸ್ಯಾಟಿನ್, ಜಾರ್ಜೆಟ್ ಬೀಳುತ್ತವೆ. ಖಣ ಮೂಲೆ ಮಾಡುತ್ತದೆ.

ಅಷ್ಟಕ್ಕೂ ಸೀರೆಯ ಮೇಲೆ ಮುಂದಿನ ಕೌಲ್ ಸೆರಗಿನ ಕೆಳಗೆ ಮುಚ್ಚಿಹೋಗುತ್ತದೆ. ಆಸೆ ಇದ್ದರೆ ಬೆನ್ನಿಗೆ ಹೊಲಿಸಿ, ಇಲ್ಲವೇ ಗೌನಿಗೆ ಇಟ್ಟುಕೊಳ್ಳಿ.

ಕೊರಳಿಗೆ ಕಸೂತಿ ಹಾಕಿಸಬೇಕು. ಯಾವ ಆಕಾರ ಒಪ್ಪುತ್ತದೆ?

ಬೋಟ್, ಅದು ಬಿಟ್ಟರೆ ಚೌಕ. ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗವಂತಿ, ಮುರ್ಗಿ ಎರಡೂ ಬಟ್ಟೆಯ ಎಳೆಗಳ ಲೆಕ್ಕದಲ್ಲೇ ನಡೆಯುತ್ತವೆ. ಅಡ್ಡ, ಉದ್ದ, ಓರೆ ಹೋಗುತ್ತದೆ. ದುಂಡು ಅಂಚಿನ ಜೊತೆ ಬಾಗು ಅಂದರೆ ಬಾಗುವುದಿಲ್ಲ. ಸ್ವೀಟ್‌ಹಾರ್ಟ್‌ನ ಉಬ್ಬಿನ ಗುಂಟ ಗೋಪುರದ ಸಾಲು ಹಾಕಿಸಲು ಹೋದರೆ ಅಂಚಿಗೂ ಸಾಲಿಗೂ ನಡುವೆ ಒಂದು ಕಡೆ ಜಾಗ, ಒಂದು ಕಡೆ ಇಕ್ಕಟ್ಟು. ಬೋಟ್‌ನ ಅಂಚು ಹೆಚ್ಚುಕಡಿಮೆ ನೇರ ಇರುವುದರಿಂದ ಕೆಳಗೆ ಒಂದು ಇಂಚು ಬಿಟ್ಟು ನೇರ ಸಾಲು ಕೂಡುತ್ತದೆ. ಕಸೂತಿ ಮೊದಲು, ಕತ್ತರಿಸುವುದು ಆಮೇಲೆ. ಗೆರೆ ಮಾತ್ರ ನಮ್ಮ ಹತ್ತಿರ ಹಾಕಿಸಿಕೊಂಡು ಹೋಗಿ.

ವಿ, ಯು, ಚೌಕ, ಪಾಟ್ ನೆಕ್?

ಹೆಸರಿನಲ್ಲೇ ಇದೆ. ಪಾಟ್ ಮಾತ್ರ ನೋಡಿ, ಮೇಲೆ ಕಿರಿದಾಗಿ ಕೆಳಗೆ ಮಡಕೆಯ ಹಾಗೆ ಅಗಲವಾಗುತ್ತದೆ. ಬೆನ್ನಿಗೆ ಡೀಪ್ ಬೇಕು, ಹೆಗಲೂ ಜಾರಬಾರದು ಅನ್ನುವವರಿಗೆ ಇದೇ ಸರಿ, ಮೇಲಿನ ಕಿರಿದು ಭಾಗ ಹೆಗಲುಗಳನ್ನು ಹಿಡಿದಿರುತ್ತದೆ.

ಹೊಲಿಯಲು ಕೊಡುವಾಗ ಏನು ಹೇಳಬೇಕು, ಏನು ತರಬೇಕು?

ಮುಂದಿನ ಫೋಟೋ ಒಂದೇ ಸಾಕಾಗುವುದಿಲ್ಲ, ಹಿಂದಿನದೂ ಬೇಕು. ಉಡುವ ಸೀರೆ ತನ್ನಿ, ಒಳಗೆ ಹಾಕುವ ಬ್ರಾ ಹಾಕಿಕೊಂಡೇ ಅಳತೆಗೆ ಬನ್ನಿ. ಬೋಟ್ ಮತ್ತು ಹಾಲ್ಟರಿಗೆ ಪಟ್ಟಿ ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ಅರ್ಧ ಇಂಚು ಆಚೀಚೆ ಆಗುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಹೇಳಲೇಬೇಡಿ. ಕನ್ನಡಿಯ ಮುಂದೆ ನಿಂತು, ಬೆರಳಿನಿಂದ ನಿಮ್ಮ ಮೈಮೇಲೆ ಗೆರೆ ತೋರಿಸಿ. ನಾನು ಅಲ್ಲೇ ಟೇಪ್ ಹಿಡಿದು ಬರೆದುಕೊಳ್ಳುತ್ತೇನೆ.